ಉಸಿರು ಹಿಡಿದರೂ ಯಾಕೆ ಸಾಲದು

“ನೀರಲ್ಲಿ 2 ನಿಮಿಷ ಉಸಿರು ಹಿಡೀತೀನಿ. 35,000 ಅಡಿಯಲ್ಲಿ ವಿಮಾನದ ಕ್ಯಾಬಿನ್ ಒತ್ತಡ ಹೋದರೆ ಒಂದು ನಿಮಿಷವೂ ಎಚ್ಚರ ಇರಲ್ವಾ?”

ನೀರಲ್ಲಿ ನಿಮ್ಮ ಶ್ವಾಸಕೋಶದೊಳಗೆ ಗಾಳಿಯ ದಾಸ್ತಾನು ಇರುತ್ತದೆ. ಮೇಲೆ ಅದು ಒಮ್ಮೆಲೇ ಹೊರಗೆ ನುಗ್ಗುತ್ತದೆ. ಬಿಗಿಹಿಡಿದರೆ ಶ್ವಾಸಕೋಶವೇ ಹರಿಯಬಹುದು. ಉಳಿದ ಗಾಳಿಯಲ್ಲಿ ಆಮ್ಲಜನಕದ ಒತ್ತಡ ರಕ್ತದಲ್ಲಿರುವುದಕ್ಕಿಂತ ಕಡಿಮೆ. ಹಾಗಾಗಿ ಆಮ್ಲಜನಕ ರಕ್ತದಿಂದ ಶ್ವಾಸಕೋಶಕ್ಕೆ ವಾಪಸ್ ಸೋರುತ್ತದೆ, ಪ್ರತಿ ಉಸಿರಿನಲ್ಲೂ ಹೊರಹೋಗುತ್ತದೆ. 25,000 ಅಡಿಯಲ್ಲಿ ಒತ್ತಡದ ವ್ಯತ್ಯಾಸ ಕಡಿಮೆ, ಅದಕ್ಕೇ ಸರಿಯಾಗಿ ಯೋಚಿಸಿ ಕೆಲಸ ಮಾಡಲು 3ರಿಂದ 5 ನಿಮಿಷ ಸಿಗುತ್ತದೆ. 35,000ದಲ್ಲಿ 30ರಿಂದ 60 ಸೆಕೆಂಡು ಅಷ್ಟೇ. ಒತ್ತಡ ದಿಢೀರನೆ ಹೋದರೆ ಅದರ ಅರ್ಧ.

ಉಸಿರು ಕಟ್ಟಿದ ಹಾಗೆ ಅನ್ನಿಸುವುದೇ ಇಲ್ಲ, ಅದೇ ನನಗೆ ಜಾಸ್ತಿ ಭಯ. ಬೆರಳು ಜುಮ್ಮೆನ್ನುತ್ತದೆ, ಉಗುರು ನೀಲಿಯಾಗುತ್ತದೆ, ಸುಲಭದ ಲೆಕ್ಕ ತಪ್ಪುತ್ತದೆ. ಆದರೂ ಮನಸ್ಸು ಹಗುರ, “ಚೆನ್ನಾಗೇ ಇದ್ದೀನಿ” ಅನ್ನಿಸುತ್ತದೆ. ಅದಕ್ಕೇ ಮಗು ಪಕ್ಕದಲ್ಲಿದ್ದರೂ ಮೊದಲು ನಿಮ್ಮ ಆಮ್ಲಜನಕದ ಮಾಸ್ಕ್ ಹಾಕಿಕೊಳ್ಳಿ.