‘ಬಿದ್ದು’ ಮತ್ತು ‘ಹೊಗಳಿ’: ಎರಡು ಬೇರೆ ದಾರಿಗಳು

ಪ್ರಶ್ನೆ: ಹಳಗನ್ನಡದ ‘ಬಿೞ್ದು’ ಈಗ ‘ಬಿದ್ದು’ ಆಗಿದೆ, ‘ಪೊಗೞ್ದು’ ಈಗ ‘ಹೊಗಳಿ’ ಆಗಿದೆ. ಮೊದಲನೆಯದು ಧ್ವನಿ ಬದಲಾವಣೆ, ಎರಡನೆಯದು ಸಾದೃಶ್ಯ, ಅಂದರೆ ಬೇರೆ ಪದಗಳ ಮಾದರಿ ನೋಡಿ ಹೊಸ ರೂಪ ಕಟ್ಟಿಕೊಂಡದ್ದು ಎನ್ನುತ್ತಾರೆ. ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ. ಬೇರೆ ಬೇರೆ ಎಂದು ಹೇಳುವುದು ಹೇಗೆ?

ಮಡಿಕೇರಿಯಲ್ಲಿ ಕನ್ನಡ ಪಾಠ ಮಾಡುವ ನನಗೆ ಇದನ್ನು ವಿವರಿಸಲು ಹುತ್ತರಿ ಹಬ್ಬ ಒದಗಿಬರುತ್ತದೆ. ಕೊಡವ ಭಾಷೆಯಲ್ಲಿ ‘ಪುತ್ತರಿ’, ಕನ್ನಡದಲ್ಲಿ ‘ಹುತ್ತರಿ’. ಕನ್ನಡದಲ್ಲಿ ಪದದ ಮೊದಲ ಪಕಾರ ಹಕಾರವಾಯಿತು: ಪಾಲ್ ಹಾಲಾಯಿತು, ಪೋಗು ಹೋಗು ಆಯಿತು. ಅದು ನಾಮಪದವೋ ಕ್ರಿಯಾಪದವೋ, ಅರ್ಥವೇನು ಎಂದು ಈ ಬದಲಾವಣೆ ಕೇಳಲಿಲ್ಲ. ನಿಮ್ಮ ‘ಹೊಗಳಿ’ಯ ತಲೆ ಬದಲಾದದ್ದೂ ಹೀಗೆಯೇ. ಸಾದೃಶ್ಯ ಇರುವುದು ಅದರ ಬಾಲದಲ್ಲಿ.

ಈಗ ‘ಬಿದ್ದು’ ನೋಡೋಣ. ಈಗ ಬಳಕೆಯಲ್ಲಿಲ್ಲದ ಹಳಗನ್ನಡದ ೞಕಾರ ತ, ದಗಳ ಹಿಂದೆ ಬಂದಾಗ ರಕಾರವಾಗಿ, ಆ ರಕಾರ ಮುಂದಿನ ವ್ಯಂಜನದಲ್ಲಿ ಕರಗಿತು. ಬಿೞ್ದು ಬಿರ್ದು ಆಗಿ ಬಿದ್ದು ಆಯಿತು. ಇದು ಧ್ವನಿ ಬದಲಾವಣೆಯೇ ಎನ್ನಲು ಸಾಕ್ಷಿ ಕ್ರಿಯಾಪದಗಳ ಹೊರಗೆ ಸಿಗಬೇಕು, ಸಿಗುತ್ತದೆ. ಗೞ್ದೆ ಗರ್ದೆಯಾಗಿ ಗದ್ದೆಯಾಯಿತು, ಕೞ್ತೆ ಕತ್ತೆಯಾಯಿತು, ಪೊೞ್ತು ಹೊತ್ತಾಯಿತು. ಮೊದಲೇ ರಕಾರವಿದ್ದ ಮರ್ದು ಕೂಡ ಮದ್ದಾಯಿತು. ಕಕ್ಕಡ ತಿಂಗಳಲ್ಲಿ ನಾವು ಮದ್ದು ಸೊಪ್ಪು ಎನ್ನುವಾಗಿನ ಮದ್ದು ಅದೇ. ಗದ್ದೆಗೆ, ಕತ್ತೆಗೆ ಭೂತಕಾಲವಿಲ್ಲ, ಅನುಕರಿಸಲು ಜೊತೆ ರೂಪಗಳೂ ಇಲ್ಲ. ಆದ್ದರಿಂದ ಇಲ್ಲಿ ಕೆಲಸ ಮಾಡಿದ್ದು ಧ್ವನಿ ಮಾತ್ರ.

ಈ ನಿಯಮವನ್ನು ‘ಪೊಗೞ್ದು’ ಮೇಲೆ ಇಟ್ಟು ನೋಡಿ. ‘ಹೊಗರ್ದು’ ದಾಟಿ ‘ಹೊಗದ್ದು’ ಎಂಬಂತಹ ರೂಪ ಬರಬೇಕಿತ್ತು. ಅಂಥದ್ದನ್ನು ಯಾರೂ ಆಡುವುದಿಲ್ಲ. ಎರಡನೆಯ ಅಕ್ಷರದಲ್ಲಿ ನಿಯಮ ನಡೆಯುವುದಿಲ್ಲವೇನೋ ಎಂದು ನೀವು ಕೇಳಬಹುದು. ನಡೆಯುತ್ತದೆ: ಅದೇ ಅಚ್ಚಿನ ‘ನೆಗೞ್ತೆ’ ಎಂಬ ನಾಮಪದ ‘ನೆಗರ್ತೆ’ ಆಗಿದೆ. ಅಂದರೆ ನಿಯಮ ಅನ್ವಯಿಸಬೇಕಾದ ಜಾಗದಲ್ಲೇ ಕ್ರಿಯಾಪದ ತಪ್ಪಿಸಿಕೊಂಡಿದೆ. ಹೀಗೆ ತಪ್ಪಿಸಿಕೊಂಡವುಗಳೆಲ್ಲ ಒಂದೇ ಕ್ರಿಯಾಪದದ ರೂಪಗಳಾಗಿದ್ದರೆ ನನಗೆ ಮೊದಲು ಅನುಮಾನ ಬರುವುದು ಸಾದೃಶ್ಯದ ಮೇಲೆ.

ಅನುಮಾನವನ್ನು ಖಚಿತಪಡಿಸುವುದು ಕೊನೆಯ ‘ಇ’. ‘ಹೊಗಳಿದ’ ಒಂದನ್ನೇ ನೋಡಿದರೆ, ಉಚ್ಚಾರಣೆಗೆ ಸುಲಭವಾಗಲಿ ಎಂದು ಳಕಾರಕ್ಕೂ ದಕಾರಕ್ಕೂ ನಡುವೆ ಇಕಾರ ಸೇರಿತು ಎನ್ನಬಹುದು. ಅದು ಧ್ವನಿಯ ವಿವರಣೆ. ಹಾಗಿದ್ದರೆ ‘ಪೊಗೞ್ದು’ ‘ಹೊಗಳಿದು’ ಆಗಬೇಕಿತ್ತು. ನಮ್ಮಲ್ಲಿರುವುದು ‘ಹೊಗಳಿ’. ಹಾಗೆಯೇ ‘ಕೇಳ್ದು’ ಈಗ ‘ಕೇಳಿ’, ‘ಬಾೞ್ದು’ ಈಗ ‘ಬಾಳಿ’. ಪದದ ಕೊನೆಯ ‘ದು’ವನ್ನು ಇಷ್ಟು ಅಚ್ಚುಕಟ್ಟಾಗಿ ತೆಗೆದುಹಾಕುವ ಧ್ವನಿ ನಿಯಮ ಕನ್ನಡದಲ್ಲಿಲ್ಲ, ಇದ್ದಿದ್ದರೆ ‘ಬಿದ್ದು’, ‘ಬಂದು’, ‘ತಿಂದು’ಗಳೂ ಬಾಲ ಕಳೆದುಕೊಳ್ಳುತ್ತಿದ್ದವು. ನಡೆದದ್ದು ಬೇರೆ. ವ್ಯಂಜನಾಂತ ಧಾತುಗಳಿಗೆ ಉಕಾರ ಸೇರಿ ಕೇಳ್ ‘ಕೇಳು’ ಆದಾಗ ಅದು ನೋಡಲು ‘ಮಾಡು’ವಿನಂತಾಯಿತು. ಮಾಡು–ಮಾಡಿ ಎಂದಿದ್ದರೆ ಕೇಳು–ಕೇಳಿ ಏಕಾಗಬಾರದು? ಹೊಗಳು, ಬಾಳು, ಹೇಳುಗಳೂ ಅದೇ ದಾರಿ ಹಿಡಿದವು. ಇದರಿಂದ ಧಾತು ಎಲ್ಲ ರೂಪಗಳಲ್ಲೂ ‘ಹೊಗಳ್’ ಎಂದೇ ಉಳಿಯಿತು. ಬೀಳು–ಬಿದ್ದು ಎಂಬಂತಹ ಒಡಕು ಇಲ್ಲವಾಯಿತು.

ಈ ಪರೀಕ್ಷೆಯಲ್ಲಿ ಎಡವುವುದು ಒಂದು ಕಡೆ: ಇಂದಿನ ಳಕಾರ ಮೊದಲು ೞ ಆಗಿತ್ತೋ ಳ ಆಗಿತ್ತೋ ಎಂಬಲ್ಲಿ. ‘ಕೇಳ್’ನಲ್ಲಿ ಇದ್ದದ್ದು ಳ. ಆದ್ದರಿಂದ ಅದು ‘ಕೇದ್ದು’ ಆಗಲಿಲ್ಲವೆಂಬುದು ಯಾವುದಕ್ಕೂ ಸಾಕ್ಷಿಯಲ್ಲ. ಅದರಲ್ಲಿ ಸಾಕ್ಷಿಯಾಗುವುದು ಕೊನೆಯ ಇಕಾರ ಮಾತ್ರ. 13ನೇ ಶತಮಾನದ ವ್ಯಾಕರಣಕಾರ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ೞಕಾರವಿರುವ ಪದಗಳನ್ನು ಪಟ್ಟಿ ಮಾಡಿ ಕೊಟ್ಟಿದ್ದಾನೆ, ಅದನ್ನು ನೋಡಬಹುದು. ಪುಸ್ತಕ ಕೈಗೆ ಸಿಗದಿದ್ದರೆ ಕೊಡಗಿನಲ್ಲಿ ಮಲಯಾಳಿ ನೆರೆಹೊರೆಗೆ ಕೊರತೆಯಿಲ್ಲ. ಅವರ ‘ವೀೞುಕ’ದಲ್ಲಿ ೞ ಇದೆ, ‘ಕೇಳ್ಕ್ಕುಕ’ದಲ್ಲಿ ಳ ಇದೆ.

ಹಾಗಾದರೆ ‘ಬಿದ್ದು’, ‘ಎದ್ದು’, ‘ಅತ್ತು’ಗಳನ್ನು ಸಾದೃಶ್ಯ ಏಕೆ ಬಿಟ್ಟಿತು? ದಿನವೂ ನಾಲಿಗೆಯ ಮೇಲಿರುವ ಪದಗಳು ಅವು. ಹಳೆಯ ರೂಪವೇ ಇಡಿಯಾಗಿ ನೆನಪಿನಲ್ಲಿರುವಾಗ ಹೊಸದನ್ನು ಕಟ್ಟುವ ಅಗತ್ಯ ಬೀಳುವುದಿಲ್ಲ. ನಮ್ಮ ಪಕ್ಕದ ಮನೆಯ ಚಿಕ್ಕ ಹುಡುಗಿ ‘ನಾನು ಬೀಳಿದೆ’ ಎನ್ನುತ್ತಾಳೆ. ದೊಡ್ಡವರ ಬಾಯಲ್ಲಿ ‘ಬಿದ್ದೆ’ಯನ್ನು ಮತ್ತೆ ಮತ್ತೆ ಕೇಳಿ ಅದನ್ನು ಬಿಡುತ್ತಾಳೆ. ‘ಉಳು’ವಿನ ‘ಉತ್ತು’ಗೆ ಆ ಆಸರೆ ಕಡಿಮೆಯಾಗುತ್ತಿದೆ. ನನ್ನ ವಿದ್ಯಾರ್ಥಿಗಳಿಗೆ ಅದು ಗೊತ್ತಿರುವುದು ‘ಉತ್ತು ಬಿತ್ತಿ’ ಎಂಬ ಜೋಡಿಯಲ್ಲಿ ಮಾತ್ರ; ಬೇರೆಡೆ ‘ಉಳುಮೆ ಮಾಡಿ’ ಎಂದು ಸುತ್ತಿ ಹೋಗುತ್ತಾರೆ. ‘ಉಳಿ’ ಎಂದು ಸಾದೃಶ್ಯ ಮಾಡಲು ಹೋದರೆ ‘ಉಳಿದ’ ಎಂಬುದಕ್ಕೆ ಆಗಲೇ ಬೇರೆ ಅರ್ಥವಿದೆ.