ಬಿಡುವಿಗೆ ಎರಡೇ ವಾಕ್ಯ

"ಸಂಪಾದಕರೇ, ಆರು ವರ್ಷ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡಿದವಳು, ಅಮ್ಮನ ಆರೈಕೆಗಾಗಿ ಮೂರು ವರ್ಷ ಕೆಲಸ ಬಿಟ್ಟಿದ್ದೆ. ಈಗ ಅವರು ಚೇತರಿಸಿಕೊಂಡಿದ್ದಾರೆ. ಪರಿಚಯವಿಲ್ಲದ ಮ್ಯಾನೇಜರ್‌ಗಳಿಗೆ ಕೆಲಸ ಕೇಳಿ ಮೆಸೇಜ್ ಬರೆಯಲು ಕೂತರೆ, ಈ ಬಿಡುವಿನ ಮಾತೇ ಅರ್ಧ ಪುಟ ಆಗುತ್ತದೆ. ಕರಡು ಕಳಿಸಿದ್ದೇನೆ, ತಿದ್ದಿಕೊಡುತ್ತೀರಾ?"

ನಿಮ್ಮ ಕರಡನ್ನು ಎರಡು ಸಲ ಓದಿದೆ. ಎರಡನೇ ಸಾಲಿಗೇ "ದುರದೃಷ್ಟವಶಾತ್" ಬರುತ್ತದೆ. ಅಲ್ಲಿಂದ ಆಪರೇಷನ್, ಔಷಧಿ, ಮನೆಯಲ್ಲಿ ಬೇರೆ ಯಾರೂ ಇರಲಿಲ್ಲವೆಂಬ ವಿವರಣೆ. ಆರು ವರ್ಷದ ದುಡಿಮೆಗೆ ಸಿಕ್ಕಿದ್ದು ಒಂದೇ ಸಾಲು. ನನಗೆ ಸಂಕಟವಾಗಿದ್ದು ಅಲ್ಲಿ.

ಮೆಸೇಜ್ ಓದುವ ಮ್ಯಾನೇಜರ್‌ಗೆ ಈ ಬಿಡುವಿನ ಬಗ್ಗೆ ಏಳುವ ಪ್ರಶ್ನೆಗಳು ಎರಡು: ಆ ಕಾರಣ ಮುಗಿದಿದೆಯೇ? ಕೆಲಸದ ಕೈ ಇನ್ನೂ ಪಳಗಿದೆಯೇ? ಮೊದಲನೆಯದಕ್ಕೆ ಒಂದು ವಾಕ್ಯ, ಎರಡನೆಯದಕ್ಕೆ ಇನ್ನೊಂದು ಸಾಕು. ಎರಡನೆಯದಕ್ಕೆ ಬೇಕಾದ ಸಾಮಗ್ರಿ ನಿಮ್ಮ ಕರಡಿನಲ್ಲೇ ಇದೆ, ಆದರೆ ಕಟ್ಟಕಡೆಯ ಸಾಲಿನಲ್ಲಿ ಅಡಗಿ ಕೂತಿದೆ. ಅದನ್ನು ಎತ್ತಿ ತಂದು ಹೀಗೆ ಬರೆದಿದ್ದೇನೆ:

"ಮನೆಯವರ ಆರೈಕೆಗಾಗಿ ಮೂರು ವರ್ಷ ಕೆಲಸ ಬಿಟ್ಟಿದ್ದೆ, ಆ ಹೊಣೆ ಮುಗಿದಿದ್ದು, ಈಗ ಪೂರ್ಣಾವಧಿ ಕೆಲಸಕ್ಕೆ ಬರಬಲ್ಲೆ. ಕಳೆದ ನಾಲ್ಕು ತಿಂಗಳಲ್ಲಿ ಪ್ಲೇರೈಟ್ ಕಲಿತು, ಒಂದು ಓಪನ್ ಸೋರ್ಸ್ ಪ್ರಾಜೆಕ್ಟ್‌ನ 40 ಸೆಲೆನಿಯಮ್ ಟೆಸ್ಟ್‌ಗಳನ್ನು ಅದರಲ್ಲಿ ಮತ್ತೆ ಬರೆದಿದ್ದೇನೆ, ಕೋಡ್‌ನ ಲಿಂಕ್ ಕೆಳಗಿದೆ."

"ಅಮ್ಮ" ಎಂದಿದ್ದನ್ನು "ಮನೆಯವರು" ಮಾಡಿದ್ದು ಮುಚ್ಚಿಡಲಿಕ್ಕಲ್ಲ. ಕಾಯಿಲೆಯ ವಿವರ ಬಂದರೆ ಓದುವವರು ಸಾಂತ್ವನ ಹೇಳಬೇಕೋ ಕೆಲಸದ ಮಾತಾಡಬೇಕೋ ತಿಳಿಯದೆ ಉತ್ತರವನ್ನೇ ಮುಂದೂಡುತ್ತಾರೆ. "ಹೊಸದನ್ನು ಕಲಿಯುತ್ತಿದ್ದೇನೆ" ಎಂದಷ್ಟೇ ಬರೆದಿದ್ದರೆ ನಂಬಲು ಯಾರಿಗೂ ಕಾರಣವಿರುತ್ತಿರಲಿಲ್ಲ; ಲಿಂಕ್ ಇದ್ದರೆ ಅವರೇ ತೆರೆದು ನೋಡಬಹುದು.

ಈ ಎರಡು ವಾಕ್ಯ ಮೆಸೇಜ್‌ನ ಆರಂಭದಲ್ಲಿ ಬೇಡ. ಅವರ ತಂಡಕ್ಕೇ ಏಕೆ ಬರೆಯುತ್ತಿದ್ದೀರಿ, ಹಿಂದೆ ಏನು ಮಾಡಿದ್ದೀರಿ ಎಂಬುದು ಮೊದಲು, ನಂತರ ಇವು, ಕೊನೆಗೆ ಹದಿನೈದು ನಿಮಿಷ ಮಾತಾಡಲು ಸಮಯ ಕೇಳಿ. "ಕ್ಷಮಿಸಿ", "ಋಣಿಯಾಗಿರುತ್ತೇನೆ" ಎರಡನ್ನೂ ಹೊಡೆದು ಹಾಕಿದ್ದೇನೆ. ಅಮ್ಮನನ್ನು ನೋಡಿಕೊಂಡದ್ದಕ್ಕೆ ಯಾರ ಕ್ಷಮೆಯೂ ಬೇಕಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಆ ಮೂರು ವರ್ಷವನ್ನು "ಫ್ರೀಲಾನ್ಸ್" ಎಂದು ತುಂಬಿಸುವ ಯೋಚನೆ ಕರಡಿನ ಅಂಚಿನಲ್ಲಿ ಬರೆದಿದ್ದೀರಿ. ಯಾವ ಗ್ರಾಹಕರು, ಏನು ಕೆಲಸ ಎಂದು ಸಂದರ್ಶನದಲ್ಲಿ ಕೇಳಿದರೆ ಉತ್ತರವಿರುವುದಿಲ್ಲ, ಆಗ ನಿಜವಾದ ಆರು ವರ್ಷದ ಮೇಲೂ ಅನುಮಾನ ಬರುತ್ತದೆ. ಕಳಿಸುವ ಮುನ್ನ ರೆಸ್ಯೂಮೆಯಲ್ಲಿ ಕೊನೆಯ ಕೆಲಸ ಬಿಟ್ಟ ತಿಂಗಳನ್ನೂ ಒಮ್ಮೆ ನೋಡಿಕೊಳ್ಳಿ. "ಮೂರು ವರ್ಷ" ಎಂಬ ಮಾತಿಗೆ ಅದು ತಾಳೆಯಾಗಬೇಕು.