ತಾಯಿಯ ರೋಗಚರಿತ್ರೆಯನ್ನು ಇಂಗ್ಲಿಷಿಗೆ ತರುವಾಗ ದಿನಾಂಕಗಳು

ಪ್ರಶ್ನೆ: ಅಮ್ಮನ ಕೈನಡುಕದ ವಿವರವನ್ನು ಅಮೆರಿಕದ ನರರೋಗ ತಜ್ಞರಿಗೆ ಇಂಗ್ಲಿಷಿನಲ್ಲಿ ಕಳುಹಿಸಬೇಕು. ಅಮ್ಮ ಹಬ್ಬಗಳ ಲೆಕ್ಕದಲ್ಲೇ ಹೇಳುತ್ತಾರೆ. ಹೇಗೆ ಬರೆಯಲಿ?

ಉತ್ತರ: ಮೊದಲು ಅವರ ಮಾತನ್ನು ಕನ್ನಡದಲ್ಲೇ ಬರೆದುಕೊಂಡು, ಆಮೇಲೆ ಪ್ರತಿ ಹಬ್ಬಕ್ಕೂ ಆ ವರ್ಷದ ಪಂಚಾಂಗ ನೋಡಿ ದಿನಾಂಕ ಹಾಕಿ, ಏಕೆಂದರೆ ಯುಗಾದಿ 2024ರಲ್ಲಿ ಏಪ್ರಿಲ್ 9ಕ್ಕೆ, 2025ರಲ್ಲಿ ಮಾರ್ಚ್ 30ಕ್ಕೆ ಬಂದಿತ್ತು. ಅಮ್ಮ "2024ರ ಯುಗಾದಿ ಹೊತ್ತಿಗೆ ಬಲಗೈ ನಡುಗತೊಡಗಿತು, ದೀಪಾವಳಿಗೆ ದೀಪ ಹಚ್ಚಲಾಗಲಿಲ್ಲ" ಎಂದರೆ, ನಡುಕದ ಆರಂಭ 2024ರ ಏಪ್ರಿಲ್ ಸುಮಾರಿಗೆ, ಕೆಲಸಕ್ಕೆ ತೊಡಕಾದದ್ದು ಅದೇ ವರ್ಷದ ನವೆಂಬರ್ ಸುಮಾರಿಗೆ ಎಂದು ಎರಡು ಸಾಲು ಮಾಡಿ. "ಸುಮಾರು" ಎಂಬುದನ್ನು ದಯವಿಟ್ಟು ಬಿಡಬೇಡಿ. ನೆನಪಿಗೆ ಇಲ್ಲದ ನಿಖರತೆಯನ್ನು ಅನುವಾದ ಸೇರಿಸಬಾರದು.

ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ. 9/4/2024 ಎಂಬುದನ್ನು ಅಮೆರಿಕದ ವೈದ್ಯರು ಸೆಪ್ಟೆಂಬರ್ 4 ಎಂದು ಓದುತ್ತಾರೆ, ಆಗ ಐದು ತಿಂಗಳ ಕಾಯಿಲೆಯೇ ಅಳಿಸಿಹೋಗುತ್ತದೆ.

"ಕೈ ಜೋಮು ಹಿಡಿಯುತ್ತದೆ" ಎಂದಿದ್ದರೆ ಅದನ್ನು ಶಕ್ತಿಹೀನತೆ ಎಂದು ಅನುವಾದಿಸಬೇಡಿ. ಸ್ಪರ್ಶ ತಿಳಿಯುವುದಿಲ್ಲವೇ, ಚುಚ್ಚಿದಂತಾಗುತ್ತದೆಯೇ, ಲೋಟ ಎತ್ತಲಾಗುವುದಿಲ್ಲವೇ ಎಂದು ಬಿಡಿಬಿಡಿಯಾಗಿ ಕೇಳಿ, ಪ್ರತಿಯೊಂದೂ ಯಾವಾಗ ಶುರುವಾಯಿತೆಂದು ಪ್ರತ್ಯೇಕವಾಗಿ ನಮೂದಿಸಿ. ಕೊನೆಗೆ ಇಂಗ್ಲಿಷ್ ಪ್ರತಿಯನ್ನು ಅಮ್ಮನಿಗೆ ಕನ್ನಡದಲ್ಲಿ ಓದಿ ಹೇಳಿ. ಕ್ರಮ ತಪ್ಪಿದ್ದರೆ ಅವರೇ ತಿದ್ದುತ್ತಾರೆ.